ಮಾಲು ವಾಪಸ್ ಹೋಗಿ ಮೂರು ತಿಂಗಳಾಯ್ತು, ಕ್ರೆಡಿಟ್ ನೋಟ್ ಬಂದಿಲ್ಲ. ಬೇರೆ ಬಿಲ್ಲಿನ ಬಾಕಿಯಲ್ಲಿ ಹೇಗೆ ಮುರಿದುಕೊಳ್ಳೋದು?

ಗದಗ ಹಾರ್ಡ್‌ವೇರ್

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಮ್ಮದು ಪೈಪು, ಫಿಟಿಂಗ್ ಅಂಗಡಿ. ಹುಬ್ಬಳ್ಳಿಯ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ತಿರ ಮಾಲು ತರಿಸುತ್ತೇವೆ. ಜನವರಿ 19ರ ಬಿಲ್ಲಿನಲ್ಲಿ (ನಂಬರ್ 1187) ಒಂದು ಇಂಚಿನ ಬಾಲ್ ವಾಲ್ವ್ 120 ಪೀಸ್ ಹೇಳಿದ್ದೆ. ಬಿಲ್ಲಿನಲ್ಲಿ ಒಂದು ಇಂಚು ಅಂತಲೇ ಇದೆ, ಪೆಟ್ಟಿಗೆ ಒಡೆದು ನೋಡಿದರೆ ಎಲ್ಲವೂ ಮುಕ್ಕಾಲು ಇಂಚು. ಅವರ ಸೇಲ್ಸ್‌ಮನ್‌ಗೆ ಫೋಟೋ ಕಳಿಸಿದೆ, ವಾಪಸ್ ಹಾಕಿ ಸರ್ ಅಂದ. ಫೆಬ್ರವರಿ 6ಕ್ಕೆ ಲಾರಿಗೆ ಹಾಕಿದೆವು. ಬಿಲ್ಟಿ ನನ್ನ ಹತ್ತಿರ ಇದೆ.

ಲೆಕ್ಕ ಹೀಗಿದೆ. ಒಂದು ಪೀಸಿಗೆ ಡಿಸ್ಕೌಂಟ್ ಕಳೆದು 150 ರೂಪಾಯಿ. 120ಕ್ಕೆ 18,000. 18 ಪರ್ಸೆಂಟ್ ಜಿಎಸ್‌ಟಿ 3,240. ಒಟ್ಟು 21,240. ತೊಂದರೆ ಏನಂದರೆ 1187ರ ರೊಕ್ಕ ಆಗಲೇ ಪೂರ್ತಿ ಕೊಟ್ಟಿದ್ದೆ. ಈಗ ಅವರಿಗೆ ಬಾಕಿ ಇರುವುದು ಮಾರ್ಚ್ 11ರ ಇನ್ನೊಂದು ಬಿಲ್, ನಂಬರ್ 1342, ಅದು 47,200. ಅದರಲ್ಲಿ 21,240 ಮುರಿದುಕೊಂಡು 25,960 ಕೊಡುತ್ತೇನೆ ಅಂದರೆ ಅವರ ಆಫೀಸಿನವರು ಒಪ್ಪುತ್ತಿಲ್ಲ. ಪೂರ್ತಿ ಹಾಕಿ, ವಾಪಸ್ ಬಂದ ಮಾಲಿಂದು ಮುಂದಿನ ಬಿಲ್ಲಿನಲ್ಲಿ ನೋಡೋಣ ಅಂತಾರೆ. ಕ್ರೆಡಿಟ್ ನೋಟ್ ಕೇಳಿದರೆ ಮಾರ್ಚ್ ಕ್ಲೋಸ್ ಆಯ್ತು, ಹೋದ ವರ್ಷದ ಬಿಲ್ಲಿಗೆ ಈಗ ಬರೋದಿಲ್ಲ ಅಂತಾರೆ. ಇದು ನಿಜವಾ? ನಾನು ಏನಂತ ಬರೆದು ಕೇಳಬೇಕು?

ಹಾವೇರಿ ಬಟ್ಟೆ ಅಂಗಡಿ

ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಅಣ್ಣಾರ? ನೀವೇ ಒಂದು ಡೆಬಿಟ್ ನೋಟ್ ಬರೆದು ಅವರಿಗೆ ಕಳಿಸಿ. 21,240 ಮುರಿದು ಉಳಿದದ್ದು ಬ್ಯಾಂಕಿಗೆ ಹಾಕಿ. ಮಾಲು ವಾಪಸ್ ಕೊಟ್ಟವರು ನೀವು, ಡೆಬಿಟ್ ನೋಟ್ ನಿಮ್ಮದೇ. ನಾವು ಸೂರತ್ ಪಾರ್ಟಿಗಳ ಜೊತೆ ಹೀಗೇ ಮಾಡುತ್ತೇವೆ. ಯಾರೂ ಕೇಳಿಲ್ಲ.

ಧಾರವಾಡ ಮೆಡಿಕಲ್

ನಮ್ಮಲ್ಲಿ ಎಕ್ಸ್‌ಪೈರಿ ಮಾಲು ತಿಂಗಳಾ ತಿಂಗಳಾ ವಾಪಸ್ ಹೋಗುತ್ತದೆ. ಸ್ಟಾಕಿಸ್ಟ್ ಒಪ್ಪಿದರೆ ಅವನು ಕ್ರೆಡಿಟ್ ನೋಟ್ ಕೊಡುತ್ತಾನೆ, ಇಲ್ಲಾಂದ್ರೆ ನಾವೇ ಅವನ ಹೆಸರಿಗೆ ಸೇಲ್ ಬಿಲ್ ಹಾಕಿ ಕಳಿಸುತ್ತೇವೆ. 2018ರಲ್ಲೇ ಇದಕ್ಕೆ ಸರ್ಕ್ಯುಲರ್ ಬಂದಿದೆ. ನಿಮ್ಮ ವಾಲ್ವ್ ಎಕ್ಸ್‌ಪೈರಿ ಎಷ್ಟು ಹಳೆಯದು? ಆರು ತಿಂಗಳು ದಾಟಿದರೆ ಕಂಪನಿ ಅರ್ಧವೇ ಕೊಡೋದು.

ಗದಗ ಹಾರ್ಡ್‌ವೇರ್

ಸರ್, ವಾಲ್ವ್‌ಗೆ ಎಕ್ಸ್‌ಪೈರಿ ಇಲ್ಲ. ಸೈಜ್ ತಪ್ಪಾಗಿ ಬಂದದ್ದು. ಹೊಚ್ಚ ಹೊಸ ಮಾಲು, ಪೆಟ್ಟಿಗೆ ಸಮೇತ ಹೋಗಿದೆ.

ಹುಬ್ಬಳ್ಳಿ ಅಕೌಂಟ್ಸ್

ಹುಬ್ಬಳ್ಳಿಯಲ್ಲಿ ಹೋಲ್‌ಸೇಲ್ ಅಂಗಡಿಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿ ಹೋಗಿವೆ, ಅದಕ್ಕೇ ಅವರೂ ಗೊಂದಲ ಮಾಡುತ್ತಿದ್ದಾರೆ, ನೀವೂ ಸಿಕ್ಕಿಕೊಂಡಿದ್ದೀರಿ.

ಒಂದು, ತೆರಿಗೆ. ಮಾಲು ಯಾವ ಬಿಲ್ಲಿನಲ್ಲಿ ಬಂತೋ ಕ್ರೆಡಿಟ್ ನೋಟ್ ಆ ಬಿಲ್ಲಿಗೇ ಆಗಬೇಕು. ಅಂದರೆ 1187, ಜನವರಿ 19. ಕ್ರೆಡಿಟ್ ನೋಟಿನ ಮೇಲೆ ಆ ನಂಬರ್, ತಾರೀಖು, ಆಗ ಹಾಕಿದ ರೇಟು, ಆಗ ಹಾಕಿದ ತೆರಿಗೆ ಇರಬೇಕು. ಬಾಕಿ ಇರುವುದು 1342 ಅಂತ ಹೇಳಿ ಅದರ ನಂಬರ್ ಹಾಕಿಸಿಕೊಳ್ಳಬೇಡಿ, ಆ ಬಿಲ್ಲಿನಲ್ಲಿ ಈ ಮಾಲೇ ಇಲ್ಲವಲ್ಲ.

ಎರಡು, ರೊಕ್ಕ. 1187 ಚುಕ್ತಾ ಆಗಿದೆ, ಹಾಗಾಗಿ 21,240 ಅವರ ಹತ್ತಿರ ನಿಮ್ಮ ಹೆಸರಿಗೆ ಜಮಾ ಬಿದ್ದಿದೆ. ಆ ಜಮೆಯನ್ನು ನೀವು ಯಾವ ಬಾಕಿ ಬಿಲ್ಲಿಗೆ ಬೇಕಾದರೂ ಮುರಿದುಕೊಳ್ಳಬಹುದು. ಅದಕ್ಕೆ ಜಿಎಸ್‌ಟಿಯ ಒಪ್ಪಿಗೆ ಬೇಕಿಲ್ಲ, ನೀವಿಬ್ಬರೂ ಒಪ್ಪಿ ಬರೆದುಕೊಂಡರೆ ಸಾಕು.

ಮುಂದಿನ ಬಿಲ್ಲಿನಲ್ಲಿ ನೋಡೋಣ ಅನ್ನೋದಕ್ಕೆ ಮಾತ್ರ ಒಪ್ಪಬೇಡಿ. ಹಾಗೆ ಮಾಡುವವರು ಹೊಸ ಮಾಲಿನ ರೇಟನ್ನೇ ಇಳಿಸಿ ಬಿಲ್ ಮಾಡುತ್ತಾರೆ. ಆಗ ಹೊಸ ಮಾಲಿನ ಖರೀದಿ ರೇಟೂ ಸುಳ್ಳು, ಹಳೆ ಬಿಲ್ಲಿನಲ್ಲಿ ಬರದೇ ಇರುವ 120 ವಾಲ್ವ್ ನಿಮ್ಮ ಖರೀದಿಯಲ್ಲಿ ಹಾಗೇ ನಿಂತಿರುತ್ತದೆ.

ಮಾರ್ಚ್ ಕ್ಲೋಸ್ ಆಯ್ತು ಅನ್ನೋದು ಸರಿಯಲ್ಲ. 2025-26ರ ಬಿಲ್ಲಿಗೆ ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಲು 2026ರ ನವೆಂಬರ್ 30ರವರೆಗೆ ಅವಕಾಶ ಇದೆ. ಅದಕ್ಕೂ ಮೊದಲೇ ಅವರು ಆ ವರ್ಷದ ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ ಅಲ್ಲಿಗೆ ಮುಗಿಯಿತು. ಈಗ ಮೇ ತಿಂಗಳು. ಸಮಯ ಇದೆ. ತಾರೀಖು ಮಾತ್ರ ಈಗಿನದೇ ಇರಲಿ, ಫೆಬ್ರವರಿ ತಾರೀಖು ಹಾಕಿ ಕೊಡಿ ಅಂತ ಕೇಳಬೇಡಿ.

ಹಾವೇರಿ ಬಟ್ಟೆ ಅಂಗಡಿ

ಹಾಗಾದರೆ ನಾನು ಹೇಳಿದ ಡೆಬಿಟ್ ನೋಟ್ ತಪ್ಪಾ ಅಕ್ಕಾರ?

ಹುಬ್ಬಳ್ಳಿ ಅಕೌಂಟ್ಸ್

ಅರ್ಧ ಸರಿ ಇದೆ ರೀ. ನಿಮ್ಮ ಪುಸ್ತಕದಲ್ಲಿ ಮಾಲು ವಾಪಸ್ ಹೋಯಿತು ಅಂತ ತೋರಿಸಲು ಡೆಬಿಟ್ ನೋಟ್ ಬೇಕೇ ಬೇಕು. ಅದನ್ನು ಅವರಿಗೆ ಕಳಿಸುವುದೂ ಒಳ್ಳೆಯದೇ, ನಾವು ಇಷ್ಟು ಕೇಳುತ್ತಿದ್ದೇವೆ ಅಂತ ಕಾಗದ ಆಗುತ್ತದೆ. ಆದರೆ ಅದರಿಂದ ಅವರು ಕಟ್ಟಿದ ತೆರಿಗೆ ಕಡಿಮೆ ಆಗೋದಿಲ್ಲ. ತೆರಿಗೆ ಇಳಿಸುವ ಕಾಗದ ಮಾರಿದವರೇ ಕೊಡಬೇಕು, ಅವರ ರಿಟರ್ನಿನಲ್ಲಿ ಹೋಗಬೇಕು. ನೀವು ಡೆಬಿಟ್ ನೋಟ್ ಮೇಲೆ ಮುರಿದುಕೊಂಡು ಸುಮ್ಮನಾದರೆ ಅವರ ಪುಸ್ತಕದಲ್ಲಿ 21,240 ಬಾಕಿ ಹಾಗೇ ನಿಲ್ಲುತ್ತದೆ. ಸೂರತ್‌ನವರು ಕೇಳಿಲ್ಲ ಅಂದರೆ ಒಂದು ಸಲ ಅವರ ಹತ್ತಿರ ನಿಮ್ಮ ಖಾತೆ ಉತಾರ ತರಿಸಿ ನೋಡಿ.

ಗದಗದವರೇ, ಒಂದು ಪ್ರಶ್ನೆ. ಈ 3,240ರ ಐಟಿಸಿ ಜನವರಿಯಲ್ಲಿ ತೆಗೆದುಕೊಂಡಿದ್ದಿರಲ್ಲ, ಫೆಬ್ರವರಿಯಲ್ಲಿ ಮಾಲು ವಾಪಸ್ ಹೋದಾಗ ಏನು ಮಾಡಿದಿರಿ?

ಗದಗ ಹಾರ್ಡ್‌ವೇರ್

ನಮ್ಮ ಹುಡುಗ ಟ್ಯಾಲಿಯಲ್ಲಿ ಫೆಬ್ರವರಿ 6ಕ್ಕೇ ಡೆಬಿಟ್ ನೋಟ್ ಹಾಕಿದ್ದಾನೆ. ಅದನ್ನು ನೋಡಿ ನಮ್ಮ ಟ್ಯಾಕ್ಸ್ ಕನ್ಸಲ್ಟಂಟ್ ಫೆಬ್ರವರಿ 3ಬಿಯಲ್ಲಿ 3,240 ವಾಪಸ್ ಮಾಡಿದ್ದಾರೆ. ಅಂದರೆ ಐಟಿಸಿ ಆಗಲೇ ಕಳೆದಿದೆ.

ಹುಬ್ಬಳ್ಳಿ ಅಕೌಂಟ್ಸ್

ಇದೇ ನೋಡಿ ನಿಮ್ಮ ಕೈಯಲ್ಲಿರುವ ಗಟ್ಟಿ ದಾಖಲೆ. ಇದನ್ನು ಅವರಿಗೆ ಹೇಳಿದ್ದೀರಾ?

ಈಗಿನ ನಿಯಮದಲ್ಲಿ ಕೊಂಡವರು ಐಟಿಸಿ ವಾಪಸ್ ಮಾಡಿದರೆ ಮಾತ್ರ ಮಾರಿದವರು ತಮ್ಮ ತೆರಿಗೆ ಇಳಿಸಿಕೊಳ್ಳಬಹುದು. 2025ರ ಬಜೆಟ್‌ನಲ್ಲಿ ಕಾಯ್ದೆಗೇ ಇದನ್ನು ಸೇರಿಸಿದರು. ಹಾಗಾಗಿ ಎಷ್ಟೋ ಡಿಸ್ಟ್ರಿಬ್ಯೂಟರ್ ಆಫೀಸಿನವರು ಹೆದರುತ್ತಾರೆ, ನಾವು ನೋಟ್ ಕೊಟ್ಟು ತೆರಿಗೆ ಇಳಿಸಿಕೊಂಡು, ಆ ಕಡೆ ಪಾರ್ಟಿ ರಿವರ್ಸ್ ಮಾಡದೇ ಇದ್ದರೆ ನಮ್ಮ ತಲೆಗೆ ಬರುತ್ತದೆ ಅಂತ. ಮಾರ್ಚ್ ಕ್ಲೋಸ್ ಅನ್ನೋದು ಬಾಯಿಗೆ ಬಂದ ನೆಪ, ಒಳಗಿನ ಭಯ ಇದೇ ಇರಬಹುದು. ಫೆಬ್ರವರಿ 3ಬಿಯಲ್ಲಿ ರಿವರ್ಸ್ ಆಗಿದೆ ಅಂತ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿ ಕೊಡಿ.

ಹುಬ್ಬಳ್ಳಿ ಡಿಸ್ಟ್ರಿಬ್ಯೂಟರ್

ನಾನು ಆ ಕಡೆಯವನು. ನಮ್ಮದು ಬೇರೆ ಲೈನು, ಎಲೆಕ್ಟ್ರಿಕಲ್. ನಮ್ಮ ಕಷ್ಟಾನೂ ಸ್ವಲ್ಪ ಕೇಳಿ.

ಸೇಲ್ಸ್‌ಮನ್ ಹೂಂ ಅಂದದ್ದು ಆಫೀಸಿಗೆ ಗೊತ್ತಿರೋದಿಲ್ಲ. ಮಾಲು ಗೋಡೌನಿಗೆ ಬರುತ್ತದೆ, ಹಮಾಲರು ಇಳಿಸುತ್ತಾರೆ, ಒಳಗೆ ಚೀಟಿ ಇಲ್ಲ ಅಂದರೆ ಇದು ಯಾರದು, ಯಾವ ಬಿಲ್ಲಿಂದು ಅಂತ ಯಾರಿಗೂ ತಿಳಿಯೋದಿಲ್ಲ, ಮೂಲೆಯಲ್ಲಿ ಬಿದ್ದಿರುತ್ತದೆ, ಗೋಡೌನಿನವನು ಇನ್‌ವರ್ಡ್ ಚೀಟಿ ಕೊಡದೆ ಆಫೀಸಿನವರು ಕ್ರೆಡಿಟ್ ನೋಟ್ ಹೊಡೆಯೋದಿಲ್ಲ. ಬೇಕಂತ ಸತಾಯಿಸುತ್ತಾರೆ ಅಂದುಕೊಳ್ಳಬೇಡಿ. ನೀವು ಪೆಟ್ಟಿಗೆಯಲ್ಲಿ ಚಲನ್ ಇಟ್ಟಿದ್ದಿರಾ? ಬಿಲ್ಟಿ ಮೇಲೆ ಅವರ ಸಿಕ್ಕ ಇದೆಯಾ?

ಇನ್ನೊಂದು ಮಾತು. ಇವರಂತೆ ಎಲ್ಲರೂ 21,240 ಮುರಿದುಕೊಂಡು ಉಳಿದದ್ದು ಕೊಡೋದಿಲ್ಲ. ಬಹಳ ಮಂದಿ 21 ಸಾವಿರದ ಜಗಳಕ್ಕೆ 47 ಸಾವಿರವನ್ನೂ ಹಿಡಿದು ಕೂರುತ್ತಾರೆ. ಹಾಗೆ ಮಾಡಬೇಡಿ. 25,960 ಇವತ್ತೇ ಹಾಕಿ. ರೊಕ್ಕ ಬಂದ ಪಾರ್ಟಿಯ ಫೋನ್ ನಾವು ಎತ್ತುತ್ತೇವೆ, ಇದು ಸತ್ಯ.

ಗದಗ ಹಾರ್ಡ್‌ವೇರ್

ಚಲನ್ ಇಟ್ಟಿದ್ದೆವು, 1187ರ ಝೆರಾಕ್ಸ್ ಸಮೇತ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಡೆಲಿವರಿ ಕಾಪಿ ತೆಗೆಸಿದೆ ಈಗ. ಫೆಬ್ರವರಿ 9ಕ್ಕೆ ಇಳಿದಿದೆ, ಅವರ ಗೋಡೌನ್ ಸಿಕ್ಕ, ಸಹಿ ಎರಡೂ ಇದೆ. ಇ-ವೇ ಬಿಲ್ ಮಾಡಿಸಿಲ್ಲ, 50 ಸಾವಿರದ ಒಳಗೆ ಅಂತ.

ಹುಬ್ಬಳ್ಳಿ ಅಕೌಂಟ್ಸ್

ಸಾಕು. ಇನ್ನು ಸೇಲ್ಸ್‌ಮನ್ ವಾಟ್ಸಾಪ್ ಬಿಡಿ, ಅವರ ಆಫೀಸಿನ ಮೇಲ್‌ಗೆ ಕಳಿಸಿ. ಜಗಳದ ಮಾತು ಬೇಡ, ಓದಿದವರು ನೇರ ಟೈಪ್ ಮಾಡಿ ಮುಗಿಸುವ ಹಾಗಿರಲಿ. ನಾನಾದರೆ ಹೀಗೆ ಬರೆಯುತ್ತೇನೆ:

> ಮಾನ್ಯರೇ,
> ನಿಮ್ಮ ಬಿಲ್ ನಂ. 1187, ತಾ. 19 ಜನವರಿ 2026ರಲ್ಲಿ ಒಂದು ಇಂಚಿನ ಬಾಲ್ ವಾಲ್ವ್ 120 ಪೀಸ್ ಎಂದು ಬಿಲ್ ಆಗಿದ್ದು, ಮುಕ್ಕಾಲು ಇಂಚಿನ ಮಾಲು ಬಂದಿತ್ತು. 120 ಪೀಸನ್ನೂ ಫೆಬ್ರವರಿ 6ರಂದು ವಾಪಸ್ ಕಳಿಸಿದ್ದೇವೆ. ಫೆಬ್ರವರಿ 9ರಂದು ನಿಮ್ಮ ಗೋಡೌನ್ ಪಡೆದಿದೆ. ಸಿಕ್ಕ ಇರುವ ಬಿಲ್ಟಿ, ನಮ್ಮ ಚಲನ್, ಫೋಟೋ ಜೊತೆಗಿವೆ.
> ಬಿಲ್ 1187ಕ್ಕೆ 18,000 ರೂ. ಮೌಲ್ಯ, ಸಿಜಿಎಸ್‌ಟಿ 1,620, ಎಸ್‌ಜಿಎಸ್‌ಟಿ 1,620, ಒಟ್ಟು 21,240 ರೂ.ಗಳ ಜಿಎಸ್‌ಟಿ ಸಹಿತ ಕ್ರೆಡಿಟ್ ನೋಟ್ ಕೊಡಬೇಕು. ಇದರ ಐಟಿಸಿ 3,240 ರೂ.ಗಳನ್ನು ನಾವು ಫೆಬ್ರವರಿ 2026ರ 3ಬಿಯಲ್ಲಿ ವಾಪಸ್ ಮಾಡಿದ್ದೇವೆ.
> ಈ 21,240 ರೂ.ಗಳನ್ನು ನಿಮ್ಮ ಬಿಲ್ ನಂ. 1342, ತಾ. 11 ಮಾರ್ಚ್ 2026ರ 47,200 ರೂ.ಗಳಲ್ಲಿ ಮುರಿದುಕೊಂಡು, ಉಳಿದ 25,960 ರೂ.ಗಳನ್ನು ಇಂದು ಬ್ಯಾಂಕಿಗೆ ಹಾಕಿದ್ದೇವೆ. 1342 ಚುಕ್ತಾ ಎಂದು ಬರೆದುಕೊಂಡು ಖಾತೆ ಉತಾರ ಕಳಿಸಿ.

ಜಿಎಸ್‌ಟಿ ಸಹಿತ ಅನ್ನುವ ಮಾತು ಬಿಡಬೇಡಿ. ಕೆಲವರು 21,240 ಅಂತ ಒಂದೇ ಸಾಲು ಬರೆದು, ತೆರಿಗೆ ಬಿಡಿಸದೆ, ಬರೀ ರೊಕ್ಕದ ಕ್ರೆಡಿಟ್ ನೋಟ್ ಕೊಡುತ್ತಾರೆ. ಅದು ರಿಟರ್ನಿಗೆ ಹೋಗೋದಿಲ್ಲ. ಅವರ ವಹಿವಾಟು 5 ಕೋಟಿ ದಾಟಿದ್ದರೆ ಕ್ರೆಡಿಟ್ ನೋಟಿಗೂ ಇ-ಇನ್‌ವಾಯ್ಸ್ ಬೇಕು. ಹಾಳೆಯ ಮೇಲೆ ಕ್ಯೂಆರ್ ಚೌಕ ಇದೆಯಾ ನೋಡಿ. ಅವರ ಬಿಲ್ಲಿನ ಮೇಲೆ ಇದ್ದು ನೋಟಿನ ಮೇಲೆ ಇಲ್ಲ ಅಂದರೆ ಅದು ಸರಿಯಾಗಿ ಆಗಿಲ್ಲ ಅಂತಲೇ ತಿಳಿಯಿರಿ.

ರಾಣೆಬೆನ್ನೂರು ಬೀಜದಂಗಡಿ

ಮಧ್ಯೆ ಬಂದೆ, ಕ್ಷಮಿಸಿ. ಟ್ಯಾಲಿಯಲ್ಲಿ ಇದನ್ನು ಹೇಗೆ ಕೂರಿಸೋದು ಹೇಳಿ. ನಮ್ಮಲ್ಲಿ ವಾಪಸ್ ಹೋದ ಬೀಜದ ಡೆಬಿಟ್ ನೋಟ್ ಹಾಕಿದ್ದೇವೆ, ಆದರೂ ಬಾಕಿ ಪಟ್ಟಿಯಲ್ಲಿ ಒಂದು ಬಿಲ್ ಪೂರ್ತಿ ತೋರಿಸುತ್ತದೆ, ಇನ್ನೊಂದು ಮೈನಸ್ ತೋರಿಸುತ್ತದೆ. ಒಟ್ಟು ಸರಿ ಇದೆ. ಯಾವಾಗಲೂ ಹೀಗೇ ಇರುತ್ತದಾ?

ಹುಬ್ಬಳ್ಳಿ ಅಕೌಂಟ್ಸ್

ಇವರದ್ದೂ ಅದೇ ಆಗಿರುತ್ತದೆ, ಪಣ ಕಟ್ಟುತ್ತೇನೆ. ಡೆಬಿಟ್ ನೋಟ್ ಹಾಕುವಾಗ ಟ್ಯಾಲಿ ಯಾವ ಬಿಲ್ಲಿಗೆ ಅಂತ ಕೇಳುತ್ತದೆ. ಹುಡುಗರು ಮಾಲು ಬಂದ ಬಿಲ್ಲನ್ನೇ ಆರಿಸುತ್ತಾರೆ, ಇಲ್ಲವೇ New Ref ಕೊಟ್ಟು ಬಿಡುತ್ತಾರೆ. 1187 ಆಗಲೇ ಚುಕ್ತಾ ಆದದ್ದರಿಂದ ಅಲ್ಲಿ 21,240 ಉಲ್ಟಾ ಬಾಕಿ ನಿಲ್ಲುತ್ತದೆ, 1342 ಮಾತ್ರ 47,200 ಪೂರ್ತಿ ತೋರಿಸುತ್ತದೆ. ಪಾರ್ಟಿಯ ಕಡೆಯೂ ಹೀಗೇ. ಅದಕ್ಕೇ ನೀವು ಮುರಿದು ಕೊಟ್ಟರೂ ಅವರ ಸಿಸ್ಟಮ್ ತಾನಾಗಿ 1342 ಬಾಕಿ ಅಂತ ರಿಮೈಂಡರ್ ಕಳಿಸುತ್ತಲೇ ಇರುತ್ತದೆ.

ಸರಿ ಮಾಡೋದು ಸುಲಭ. ಆ ಡೆಬಿಟ್ ನೋಟನ್ನೇ ತೆರೆದು, ಪಾರ್ಟಿ ಹೆಸರಿನ ಕೆಳಗೆ ಬರುವ ಬಿಲ್ ಹಂಚಿಕೆಯಲ್ಲಿ Agst Ref ಆರಿಸಿ 1342 ಕೊಡಿ, ಮೊತ್ತ 21,240. ಮೂಲ ಬಿಲ್ ನಂಬರ್, ತಾರೀಖು ಕೇಳುವ ಜಾಗ ಬೇರೆ ಇದೆ. ಅಲ್ಲಿ ಮಾತ್ರ 1187 ಇರಲಿ. ಆದರೆ ಹೋದ ವರ್ಷದ ಪುಸ್ತಕ ಆಡಿಟರ್ ಕೈಗೆ ಹೋಗಿದ್ದರೆ ಫೆಬ್ರವರಿ ವೋಚರ್ ಮುಟ್ಟಬೇಡಿ. ಈ ತಿಂಗಳ ತಾರೀಖಿನಲ್ಲಿ ಒಂದು ಜರ್ನಲ್ ಹಾಕಿ. ಅದೇ ಪಾರ್ಟಿ ಎರಡೂ ಕಡೆ, ಒಂದು ಕಡೆ 1187ರ ಉಲ್ಟಾ ಬಾಕಿ ತೀರುತ್ತದೆ, ಇನ್ನೊಂದು ಕಡೆ 1342ರಲ್ಲಿ 21,240 ಇಳಿಯುತ್ತದೆ.

ಅವರ ಕ್ರೆಡಿಟ್ ನೋಟ್ ಬಂದ ಮೇಲೆ ಹೊಸದಾಗಿ ಮತ್ತೆ ಎಂಟ್ರಿ ಹಾಕಬೇಡಿ. ಒಂದೇ ಮಾಲು ಎರಡು ಸಲ ವಾಪಸ್ ಹೋದ ಹಾಗೆ ಆಗುತ್ತದೆ.

ಗದಗ ಹಾರ್ಡ್‌ವೇರ್

ತೆರಿಗೆಯೂ ಎರಡು ಸಲ ಹೋಗೋದಿಲ್ವಾ? ಫೆಬ್ರವರಿಯಲ್ಲಿ 3,240 ಕಳೆದಿದ್ದೇವೆ. ಈಗ ಅವರು ಮೇ ತಿಂಗಳಲ್ಲಿ ನೋಟ್ ಹಾಕಿದರೆ ನಮ್ಮ 2ಬಿಯಲ್ಲಿ ಮತ್ತೆ 3,240 ಮೈನಸ್ ಬರುತ್ತದಲ್ಲ?

ಹುಬ್ಬಳ್ಳಿ ಅಕೌಂಟ್ಸ್

ಬರುತ್ತದೆ. ಸರಿಯಾದ ಜಾಗಕ್ಕೇ ಬಂದಿರಿ. ಅವರು ಮೇ ತಿಂಗಳ ಜಿಎಸ್‌ಟಿಆರ್-1 ಜೂನ್ 11ರೊಳಗೆ ಹಾಕಿದರೆ, ಜೂನ್ 14ಕ್ಕೆ ಬರುವ 2ಬಿಯಲ್ಲಿ ಕ್ರೆಡಿಟ್ ನೋಟ್ ಇರುತ್ತದೆ, ನಿಮ್ಮ ಐಟಿಸಿಯಿಂದ ತಾನಾಗಿ ಕಳೆಯುತ್ತದೆ. ನೀವು ಸುಮ್ನೆ ಇದ್ದರೂ ಒಪ್ಪಿದ ಹಾಗೆಯೇ ಲೆಕ್ಕ. ಅದಕ್ಕೆ ನಿಮ್ಮ ಕನ್ಸಲ್ಟಂಟ್‌ಗೆ ಈಗಲೇ ಹೇಳಿಡಿ. ಪೋರ್ಟಲ್‌ನ ಐಎಂಎಸ್‌ನಲ್ಲಿ ಆ ನೋಟನ್ನು ಒಪ್ಪಬೇಕು, ಒಪ್ಪುವಾಗ ಐಟಿಸಿ ಈಗಾಗಲೇ ವಾಪಸ್ ಆಗಿದೆ, ಮತ್ತೆ ಕಳೆಯಬೇಕಾದ್ದು ಏನೂ ಇಲ್ಲ ಅಂತ ತೋರಿಸಬೇಕು. ಕಳೆದ ವರ್ಷ ಅಕ್ಟೋಬರ್‌ನಿಂದ ಈ ಸೌಲಭ್ಯ ಬಂದಿದೆ.

ಎರಡು ಸಲ ಕಳೆಯುತ್ತದೆ ಅಂತ ಹೆದರಿ ನೋಟನ್ನು ರಿಜೆಕ್ಟ್ ಮಾತ್ರ ಮಾಡಬೇಡಿ. ರಿಜೆಕ್ಟ್ ಮಾಡಿದರೆ ಆ ತೆರಿಗೆ ಮತ್ತೆ ಅವರ ತಲೆ ಮೇಲೆ ಕೂರುತ್ತದೆ. ಇಷ್ಟು ದಿನ ಕೇಳಿ ಪಡೆದದ್ದನ್ನು ನಾವೇ ತಳ್ಳಿದ ಹಾಗೆ.

ಧಾರವಾಡ ಮೆಡಿಕಲ್

ನಾನು ಹೇಳಿದ ಸರ್ಕ್ಯುಲರ್ ಔಷಧಿಗೆ ಮಾತ್ರ ಅಲ್ಲ, ಬೇರೆ ಮಾಲು ವಾಪಸ್ ಮಾಡುವಾಗಲೂ ನಡೆಯುತ್ತದೆ ಅಂತ ಅದರಲ್ಲೇ ಇದೆ. ಅವರು ಕ್ರೆಡಿಟ್ ನೋಟ್ ಕೊಡೋದೇ ಇಲ್ಲ ಅಂದರೆ ಇವರು ಸೇಲ್ ಬಿಲ್ ಹಾಕಬಹುದಲ್ವಾ?

ಹುಬ್ಬಳ್ಳಿ ಅಕೌಂಟ್ಸ್

ಮಾಲು ಕಳಿಸುವ ಮೊದಲೇ ಹಾಗೆ ತೀರ್ಮಾನ ಮಾಡಿದ್ದರೆ ಆಗುತ್ತಿತ್ತು. ಇಲ್ಲಿ ಮಾಲು ಫೆಬ್ರವರಿಯಲ್ಲೇ ಚಲನ್ ಮೇಲೆ ಹೋಗಿದೆ, ಐಟಿಸಿಯೂ ವಾಪಸ್ ಆಗಿದೆ. ಈಗ ಸೇಲ್ ಬಿಲ್ ಹಾಕಿದರೆ ಇವರು ಅದರ ಮೇಲೆ ಮತ್ತೆ ತೆರಿಗೆ ಕಟ್ಟಬೇಕು, ಹಳೆಯ ರಿವರ್ಸಲ್ ಬಿಚ್ಚಬೇಕು. ನಾನು ಆ ದಾರಿ ಹಿಡಿಯೋದಿಲ್ಲ.

ಹಾವೇರಿ ಬಟ್ಟೆ ಅಂಗಡಿ

ಇನ್ನೊಂದು ಅನುಮಾನ. 180 ದಿನದೊಳಗೆ ಬಿಲ್ಲಿನ ರೊಕ್ಕ ಕೊಡದಿದ್ದರೆ ಐಟಿಸಿ ವಾಪಸ್ ಕೊಡಬೇಕು ಅಂತಾರಲ್ಲ. 1342ರಲ್ಲಿ 25,960 ಮಾತ್ರ ಬ್ಯಾಂಕಿನಿಂದ ಹೋದರೆ ಉಳಿದ 21,240 ಕೊಟ್ಟಿಲ್ಲ ಅಂತ ಆಗೋದಿಲ್ವಾ?

ಹುಬ್ಬಳ್ಳಿ ಅಕೌಂಟ್ಸ್

ಮುರಿದುಕೊಂಡದ್ದೂ ಕೊಟ್ಟ ಹಾಗೆಯೇ ಅನ್ನೋದು ನಮ್ಮ ಆಫೀಸಿನ ಅಭ್ಯಾಸ. ಇಬ್ಬರ ಖಾತೆಯಲ್ಲೂ ಎಂಟ್ರಿ ಇದ್ದರೆ ನಾನು ಹೆದರೋದಿಲ್ಲ. ಆದರೆ ಅವರು ಒಪ್ಪದೆ ನೀವೊಬ್ಬರೇ ಮುರಿದುಕೊಂಡಿದ್ದರೆ ತೋರಿಸಲು ಏನಿದೆ? ಅದಕ್ಕೇ ಸೆಪ್ಟೆಂಬರ್ ಮೊದಲ ವಾರಕ್ಕೆ ಮುಂಚೆ ಉತಾರ ತರಿಸಿ ಅನ್ನೋದು.

ಹುಬ್ಬಳ್ಳಿ ಡಿಸ್ಟ್ರಿಬ್ಯೂಟರ್

ನಮ್ಮ ಸಿಎ ಇದಕ್ಕೆ ಒಪ್ಪೋದಿಲ್ಲ ನೋಡಿ. ಪೂರ್ತಿ ರೊಕ್ಕ ಬ್ಯಾಂಕಿನಲ್ಲಿ ಹೋಗಲಿ, ವಾಪಸ್ ಮಾಲಿನ ರೊಕ್ಕ ಬ್ಯಾಂಕಿನಲ್ಲೇ ಬರಲಿ ಅಂತಾರೆ. ಸುರಕ್ಷಿತ ಹೌದು. ಆದರೆ ಹೋದ ರೊಕ್ಕ ವಾಪಸ್ ಕೊಡುವ ಪಾರ್ಟಿ ಎಷ್ಟು ಮಂದಿ ಇದ್ದಾರೆ, ನಾನೇ ಹೇಳಬೇಕಾ.

ಗದಗ ಹಾರ್ಡ್‌ವೇರ್

ಮೇಲ್ ಕಳಿಸಿದ್ದೆ, 25,960 ಹಾಕಿದ್ದೆ. ಐಟಿಸಿ ವಾಪಸ್ ಆದ ಪತ್ರ ನೋಡಿದ ಮೇಲೆ ಅವರ ಆಫೀಸಿನಿಂದ ತಾವಾಗಿಯೇ ಫೋನ್ ಬಂತು. ಅಕ್ಕಾರ ಹೇಳಿದ್ದೇ ನಿಜ, ಅದಕ್ಕೇ ತಡೆ ಹಿಡಿದಿದ್ದರಂತೆ. ಕ್ರೆಡಿಟ್ ನೋಟ್ ಬಂದಿದೆ. 1187ರ ನಂಬರ್ ಇದೆ, ಕ್ಯೂಆರ್ ಇದೆ, ತೆರಿಗೆ ಬಿಡಿಸಿ ಹಾಕಿದ್ದಾರೆ.

ಆದರೆ ಮೌಲ್ಯ 18,000 ಇಲ್ಲ, 17,100 ಇದೆ. ತೆರಿಗೆ 3,078. ಒಟ್ಟು 20,178. ಕೇಳಿದರೆ ವಾಪಸ್ ಮಾಲಿಗೆ 5 ಪರ್ಸೆಂಟ್ ಹ್ಯಾಂಡ್ಲಿಂಗ್ ಕಡಿತ, ನಮ್ಮ ಪದ್ಧತಿ ಅಂತಾರೆ. 1,062 ರೂಪಾಯಿ ಕಡಿಮೆ. ತಪ್ಪು ಸೈಜ್ ಕಳಿಸಿದವರು ಅವರು. ಲಾರಿ ಬಾಡಿಗೆಯೂ ನಾನೇ ಕೊಟ್ಟಿದ್ದೇನೆ.

ಹುಬ್ಬಳ್ಳಿ ಅಕೌಂಟ್ಸ್

ವಾಪಸ್ ಹೋದದ್ದು 120 ಪೀಸ್, ಬಿಲ್ ರೇಟು 150. ನೋಟ್ 18,000ಕ್ಕೇ ಆಗಬೇಕು. ಹ್ಯಾಂಡ್ಲಿಂಗ್ ಬೇಕು ಅಂದರೆ ಅದಕ್ಕೆ ಅವರು ಬೇರೆ ಬಿಲ್ ಮಾಡಲಿ, ಅದನ್ನು ಕೊಡಬೇಕೋ ಬೇಡವೋ ನೀವು ನೋಡುತ್ತೀರಿ. ಮಾಲಿನ ಬೆಲೆಯಲ್ಲೇ ಕತ್ತರಿ ಹಾಕಬಾರದು. ಬಂದ ನೋಟನ್ನು ಒಪ್ಪಿಕೊಳ್ಳಿ, ಉಳಿದ 900 ಮೌಲ್ಯ, 162 ತೆರಿಗೆಗೆ ಅದೇ 1187ರ ಮೇಲೆ ಇನ್ನೊಂದು ನೋಟ್ ಕೇಳಿ. ಒಂದು ಬಿಲ್ಲಿಗೆ ಎರಡು ನೋಟ್ ಆಗಬಾರದು ಅಂತ ಏನಿಲ್ಲ. ಅಲ್ಲಿಯವರೆಗೆ 1342ರಲ್ಲಿ 1,062 ಬಾಕಿ ಅಂತ ಅವರ ಪುಸ್ತಕದಲ್ಲಿ ಇರುತ್ತದೆ, ಇರಲಿ.

ಹುಬ್ಬಳ್ಳಿ ಡಿಸ್ಟ್ರಿಬ್ಯೂಟರ್

ತಪ್ಪು ಅವರದೇ, ಕಡಿತ ಮಾಡಬಾರದಿತ್ತು. ಆದರೂ ನನ್ನ ಮಾತು ಕೇಳಿ, 1,062 ಬಿಟ್ಟುಬಿಡಿ. ನಾಳೆ ಮತ್ತೆ ಅವರ ಹತ್ತಿರವೇ ಉದ್ರಿ ಮಾಲು ತರಬೇಕು.

ಗದಗ ಹಾರ್ಡ್‌ವೇರ್

ಬಿಡೋದಿಲ್ಲ ಅಣ್ಣಾರ. 162 ತೆರಿಗೆ ನಮ್ಮಿಂದ ಆಗಲೇ ಹೋಗಿದೆ, ಅದು ಯಾರ ಹ್ಯಾಂಡ್ಲಿಂಗ್? ಎರಡನೇ ನೋಟಿಗೆ ಇವತ್ತೇ ಮೇಲ್ ಹಾಕಿದ್ದೇನೆ, ಲಾರಿ ಬಾಡಿಗೆ ರಸೀದಿಯನ್ನೂ ಜೊತೆಗೆ ಇಟ್ಟಿದ್ದೇನೆ. ಸೋಮವಾರ ನಾನೇ ಹುಬ್ಬಳ್ಳಿಗೆ ಹೋಗುವುದಿದೆ, ಅವರ ಆಫೀಸಿನಲ್ಲಿ ಕೂತು ಉತಾರ ತಾಳೆ ನೋಡುತ್ತೇನೆ.